28 ಪುಟದ ಪಿಪಿಟಿ, ಒಂದು ಹಾಳೆಯ ಪಟ್ಟಿ: ಬ್ಯಾಳಿ ಮಾರೋಕೆ ಮುಂಚೆ ಎದುರಾಳಿಯ ಲೆಕ್ಕ ಹಾಕೋದು ಹೆಂಗೆ?

ಗುಂಡಗುರ್ತಿ (ಚಿತ್ತಾಪುರ ತಾ.): ತೊಗರಿ ಬೆಳೆಯೋರು ನಾವು, ಪಾಕೀಟಿನಲ್ಲಿ ಬ್ಯಾಳಿ ಮಾರೋರು ಬೇರೆಯವರು. ಕಲಬುರಗಿ ಜಿಲ್ಲೆಯಲ್ಲಿ ಈ ಮಾತು ಹಳೆಯದು. ‘ಗುಲ್ಬರ್ಗಾ ತೊಗರಿ ಬೇಳೆ’ಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕ ಮೇಲೆ, ಸ್ವಸಹಾಯ ಸಂಘಗಳು, ರೈತ ಉತ್ಪಾದಕ ಕಂಪನಿಗಳು ನಾವೇ ಯಾಕೆ ಪಾಕೀಟು ಮಾಡಿ ಮಾರಬಾರದು ಎಂದು ಯೋಚಿಸುತ್ತಿವೆ. ಜೋಳದ ರೊಟ್ಟಿಯಲ್ಲಿ ಇದು ಆಗಿದೆ. ಜಿಲ್ಲೆಯ ಮಹಿಳೆಯರ ‘ಕಲಬುರಗಿ ರೊಟ್ಟಿ’ಯನ್ನು ಪ್ರಧಾನಿ 2025ರ ಜೂನ್‌ನ ಮನ್ ಕಿ ಬಾತ್‌ನಲ್ಲಿ ಹೆಸರಿಸಿದ್ದರು.

ಇಂಥ ಯೋಚನೆ ಮಾಡಿದ ಕೂಡಲೇ ಸಂಘದ ಕೈಗೆ ಬರುವುದು ಒಂದು ಪಿಪಿಟಿ. ತರಬೇತಿಯಲ್ಲೋ, ಸಲಹೆಗಾರರಿಂದಲೋ, ಓದಿದ ಹುಡುಗರಿಂದಲೋ ಬರುತ್ತದೆ. ‘ಮಾರುಕಟ್ಟೆಯಲ್ಲಿ ನಿಮ್ಮ ಎದುರಾಳಿಗಳು ಯಾರು’ ಅಂತ 25–30 ಪುಟ. ಬಣ್ಣದ ಗ್ರಾಫ್, ಪಾಕೀಟುಗಳ ಫೋಟೊ, ಕೊನೆಗೆ ಒಂದು ಸಲಹೆ. ಎಲ್ಲರೂ ತಲೆಯಾಡಿಸುತ್ತಾರೆ. ಆಮೇಲೆ ಯಾರೂ ತೆರೆದು ನೋಡುವುದಿಲ್ಲ. ಆದರೆ ಕೊನೆಯ ಪುಟದ ಬೆಲೆ ಮಾತ್ರ ಪಾಕೀಟಿನ ಮೇಲೆ ಅಚ್ಚಾಗುತ್ತದೆ.

ಆ 28 ಪುಟವನ್ನು ಎಲ್ಲರೂ ಕೂತು ಓದಬಹುದಾದ ಒಂದು ಹಾಳೆಗೆ ಇಳಿಸುವುದು ಹೆಂಗೆ ಅನ್ನೋದೇ ಈ ಲೇಖನ. ಇದಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಗುಂಡಗುರ್ತಿಯಲ್ಲಿ ಹನ್ನೆರಡು ಮಹಿಳೆಯರ ಒಂದು ಸಂಘ ಇದೆ ಅಂದುಕೊಳ್ಳಿ. ಅವರು 1 ಕಿಲೋ ತೊಗರಿ ಬ್ಯಾಳಿ ಪಾಕೀಟು ಮಾಡಿ ಸೇಡಂ, ವಾಡಿ, ಶಹಾಬಾದ್ ಕಡೆ ಮಾರಬೇಕು. 5,000 ಪಾಕೀಟು ಅಚ್ಚು ಹಾಕಿಸಲು 30 ಸಾವಿರ ರೂಪಾಯಿ ಎತ್ತಿಟ್ಟಿದ್ದಾರೆ. ಕೈಯಲ್ಲಿರುವ ಪಿಪಿಟಿ ‘ಬೆಲೆ 125 ಇಡಿ’ ಅನ್ನುತ್ತಿದೆ. ಈ ಸಂಘ ಮತ್ತು ಕೆಳಗಿನ ಬೆಲೆಗಳೆಲ್ಲ ಲೆಕ್ಕ ತೋರಿಸಲು ಹಾಕಿದವು. ಇವತ್ತಿನ ಮಾರುಕಟ್ಟೆ ದರ ಅಲ್ಲ.

ಮೊದಲು ಪ್ರಶ್ನೆ, ಆಮೇಲೆ ಪಟ್ಟಿ

ಹೆಚ್ಚಿನವರು ಪಿಪಿಟಿಯ ಮೊದಲ ಪುಟದಿಂದ ಶುರು ಮಾಡಿ ಕಂಡಿದ್ದನ್ನೆಲ್ಲ ಪಟ್ಟಿಗೆ ತುಂಬುತ್ತಾರೆ. ಕಂಪನಿ ಯಾವಾಗ ಶುರುವಾಯಿತು, ಎಷ್ಟು ರಾಜ್ಯದಲ್ಲಿದೆ, ಲೋಗೊ ಬಣ್ಣ ಯಾವುದು ಎಂದು ಹದಿನೈದು ಕಾಲಂ ಆಗುತ್ತದೆ. ಹಾಳೆ ತುಂಬುತ್ತದೆ, ತೀರ್ಮಾನ ಮಾತ್ರ ಆಗುವುದಿಲ್ಲ.

ಅದಕ್ಕೆ ಮೊದಲು ಹಾಳೆಯ ತಲೆಯ ಮೇಲೆ ಒಂದೇ ಪ್ರಶ್ನೆ ಬರೆಯಬೇಕು. ನಮ್ಮ ಸಂಘದ ಪ್ರಶ್ನೆ ಇದು: ‘ಅಚ್ಚಿಗೆ ಹೋಗುವ ಮುಂಚೆ, ಬೆಲೆ ಎಷ್ಟು ಇಡಬೇಕು, ಯಾರಿಗೆ ಮಾರಬೇಕು?’ ಈ ಪ್ರಶ್ನೆಗೆ ಉತ್ತರ ಕೊಡದ ಕಾಲಂ ಪಟ್ಟಿಗೆ ಬೇಡ. ಕಂಪನಿ ಹುಟ್ಟಿದ ವರ್ಷ ತಿಳಿದು ಬ್ಯಾಳಿ ಬೆಲೆ ಬದಲಾಗುವುದಿಲ್ಲ. ಪಾಕೀಟು ಎಷ್ಟು ತೂಕದ್ದು ಎಂದು ತಿಳಿದರೆ ಬದಲಾಗುತ್ತದೆ.

ಆಮೇಲೆ ಪೆನ್ಸಿಲ್ ಹಿಡಿದು ಪಿಪಿಟಿ ಓದಬೇಕು. ಪ್ರತಿ ಸಾಲಿನ ಪಕ್ಕ ಮೂರರಲ್ಲಿ ಒಂದು ಗುರುತು. ಅಂಗಡಿಗೆ ಹೋಗಿ ನೋಡಬಹುದಾದದ್ದು ‘ಕಂಡಿದ್ದು’. ಎದುರಾಳಿ ತನ್ನ ಬಗ್ಗೆ ತಾನೇ ಹೇಳಿಕೊಂಡದ್ದು ‘ಹೇಳಿದ್ದು’. ಪಿಪಿಟಿ ಮಾಡಿದವರ ಅಭಿಪ್ರಾಯ ‘ಅನಿಸಿದ್ದು’. ‘500 ಗ್ರಾಂ ಪಾಕೀಟು, ಎಂಆರ್‌ಪಿ 92’ ಅನ್ನುವುದು ಕಂಡಿದ್ದು. ‘ಪಾಲಿಶ್ ಮಾಡದ ಬೇಳೆ’ ಅನ್ನುವುದು ಹೇಳಿದ್ದು. ‘ಸ್ಥಳೀಯ ಬ್ರ್ಯಾಂಡ್‌ಗಳ ಗುಣಮಟ್ಟ ಕಡಿಮೆ’ ಅನ್ನುವುದು ಅನಿಸಿದ್ದು. ಕಂಡಿದ್ದು ನೇರ ಪಟ್ಟಿಗೆ ಹೋಗುತ್ತದೆ. ಹೇಳಿದ್ದನ್ನು ಹಾಕುವುದಾದರೆ ‘ಪಾಕೀಟಿನ ಮೇಲೆ ಬರೆದಿದೆ’ ಎಂದೇ ಹಾಕಬೇಕು. ಅನಿಸಿದ್ದು ಪರೀಕ್ಷೆ ಆಗುವ ತನಕ ಹೊರಗೇ ಇರಲಿ.

ಏನಿದೆ, ಏನಿಲ್ಲ: ಖಾಲಿ ಮನೆಯ ಮೋಸ

ಎದುರಾಳಿಯ ಮಾಲಿನಲ್ಲಿ ಏನೇನಿದೆ ಎಂಬ ಕಾಲಂ ತುಂಬುವಾಗ ಒಂದು ತಪ್ಪು ಬಹಳ ಜನ ಮಾಡುತ್ತಾರೆ. ಪಿಪಿಟಿಯಲ್ಲಿ ಒಂದು ಬ್ರ್ಯಾಂಡ್‌ಗೆ ‘ಜಿಪ್ ಪಾಕೀಟು’ ಎಂದು ಬರೆದಿರುತ್ತದೆ, ಇನ್ನೊಂದರ ಬಗ್ಗೆ ಸುಮ್ಮನಿರುತ್ತದೆ. ಪಟ್ಟಿ ಮಾಡುವವರು ಎರಡನೆಯದಕ್ಕೆ ‘ಇಲ್ಲ’ ಎಂದು ಬರೆದುಬಿಡುತ್ತಾರೆ. ಅದು ಇಲ್ಲ ಅಲ್ಲ, ‘ಪಿಪಿಟಿ ಹೇಳಿಲ್ಲ’. ಇವೆರಡಕ್ಕೂ ಅಜಗಜಾಂತರ. ಆದ್ದರಿಂದ ಪಟ್ಟಿಯಲ್ಲಿ ಮೂರು ಉತ್ತರ ಇರಬೇಕು: ಇದೆ, ಇಲ್ಲ, ನೋಡಬೇಕು. ‘ನೋಡಬೇಕು’ ಎಂದಿರುವುದನ್ನೆಲ್ಲ ಒಬ್ಬರು ಸೇಡಂ ಅಂಗಡಿಗೆ ಒಂದು ಸಲ ಹೋಗಿ ಬಂದರೆ ಭರ್ತಿ ಮಾಡಬಹುದು.

ಇನ್ನೊಂದು, ಒಂದೇ ವಿಷಯಕ್ಕೆ ಎಲ್ಲರಿಗೂ ಒಂದೇ ಮಾತು. ಒಬ್ಬ ‘ನೈಸರ್ಗಿಕ’ ಅನ್ನುತ್ತಾನೆ, ಇನ್ನೊಬ್ಬ ‘ಅನ್‌ಪಾಲಿಶ್ಡ್’ ಅನ್ನುತ್ತಾನೆ, ಮತ್ತೊಬ್ಬ ‘ದೇಸಿ’ ಅನ್ನುತ್ತಾನೆ. ಪಟ್ಟಿಯಲ್ಲಿ ಇವು ಮೂರು ಬೇರೆ ಗುಣ ಆಗಬಾರದು. ‘ಪಾಲಿಶ್ ಆಗಿದೆಯಾ?’ ಎಂಬ ಒಂದೇ ಪ್ರಶ್ನೆಯನ್ನು ಎಲ್ಲರಿಗೂ ಕೇಳಬೇಕು. ಪಾಲಿಶ್ ಎಂದರೆ ಬ್ಯಾಳಿ ಹೊಳೆಯಲು ಕೊನೆಯಲ್ಲಿ ಎಣ್ಣೆ ಅಥವಾ ನೀರು ಹಾಕಿ ಉಜ್ಜುವುದು. ಹಾಗೆ ಮಾಡದ ಬ್ಯಾಳಿ ಮಂಕಾಗಿರುತ್ತದೆ, ಕೈಗೆ ಸಣ್ಣ ಹುಡಿ ಹತ್ತುತ್ತದೆ.

ಜಿಐ ವಿಷಯದಲ್ಲೂ ಹುಷಾರಿರಬೇಕು. ಜಿಲ್ಲೆಯಲ್ಲಿ ಬೆಳೆದ ಮಾತ್ರಕ್ಕೆ ಯಾರು ಬೇಕಾದರೂ ಆ ಹೆಸರು, ಗುರುತು ಹಾಕಿಕೊಳ್ಳುವಂತಿಲ್ಲ. ಜಿಐ ಕಾನೂನಿನಡಿ ‘ಅಧಿಕೃತ ಬಳಕೆದಾರ’ ಎಂದು ನೋಂದಣಿ ಆಗಿರಬೇಕು. ಪಿಪಿಟಿಯ ಒಂದು ಸಾಲು ‘ಕಲಬುರಗಿಯ ಬ್ರ್ಯಾಂಡ್‌ಗಳಿಗೆಲ್ಲ ಜಿಐ ಇದೆ’ ಎಂದರೆ ಅದು ಪಟ್ಟಿಗೆ ಹೋಗಬಾರದು. ಪಾಕೀಟಿನ ಮೇಲೆ ಗುರುತು ಇದೆಯಾ ಇಲ್ಲವಾ, ಅಷ್ಟು ಮಾತ್ರ. ಸಂಘದ ಸ್ವಂತ ಸಾಲಿಗೂ ಇದೇ ನಿಯಮ.

ಬೆಲೆ: ಒಂದೇ ತಕ್ಕಡಿಗೆ ಹಾಕಬೇಕು

ಹೆಚ್ಚು ದುಡ್ಡು ಹೋಗುವುದು ಇಲ್ಲಿ. ಪಿಪಿಟಿಯಲ್ಲಿ ಒಂದು ಬೆಲೆ 500 ಗ್ರಾಂಗೆ, ಒಂದು 900 ಗ್ರಾಂಗೆ, ಇನ್ನೊಂದು 5 ಕಿಲೋ ಚೀಲಕ್ಕೆ ಇರುತ್ತದೆ. 900 ಗ್ರಾಂ ಪಾಕೀಟು ಕಣ್ಣಿಗೆ ಒಂದು ಕಿಲೋದ ಹಾಗೆಯೇ ಕಾಣುತ್ತದೆ. ಎಲ್ಲವನ್ನೂ ಕಿಲೋಗೆ ತರಬೇಕು. ಮೊಬೈಲ್‌ನ ಶೀಟ್‌ನಲ್ಲಿ ಬಿ ಕಾಲಂನಲ್ಲಿ ಗ್ರಾಂ, ಸಿ ಕಾಲಂನಲ್ಲಿ ಬೆಲೆ ಹಾಕಿ, ಡಿ ಕಾಲಂನಲ್ಲಿ ಹೀಗೆ ಬರೆದರೆ ಸಾಕು:

```
=C2/B2*1000
```

ಎರಡನೆಯದು, ಎಂಆರ್‌ಪಿ ಬೇರೆ, ಗಿರಾಕಿ ಕೊಡುವ ಬೆಲೆ ಬೇರೆ. ನಮ್ಮ ಉದಾಹರಣೆಯ ಪಿಪಿಟಿಯ 9ನೇ ಪುಟದಲ್ಲಿ ದೊಡ್ಡ ಕಂಪನಿಯ ಬ್ಯಾಳಿ ಕಿಲೋಗೆ 184 ರೂಪಾಯಿ ಎಂದಿದೆ. ಅದು 500 ಗ್ರಾಂನ ಎಂಆರ್‌ಪಿ 92ರ ದುಪ್ಪಟ್ಟು. ಅಂಗಡಿಯಲ್ಲಿ ಅದೇ ಪಾಕೀಟು 80ಕ್ಕೆ ಹೋಗುತ್ತಿದ್ದರೆ ನಿಜವಾದ ಬೆಲೆ ಕಿಲೋಗೆ 160. ‘ನೀವು 125 ಇಟ್ಟರೆ ಕಂಪನಿಗಿಂತ ಶೇ 32ರಷ್ಟು ಅಗ್ಗ’ ಎಂದು ಪಿಪಿಟಿ ಹೇಳುತ್ತದೆ. ಅಂಗಡಿ ಬೆಲೆಗೆ ಹೋಲಿಸಿದರೆ ಅದು ಶೇ 22 ಮಾತ್ರ.

ಮೂರನೆಯದು ತಾರೀಖು. ನಮ್ಮ ಕಡೆ ತೊಗರಿ ರಾಶಿ ಆಗಿ ಮಾರುಕಟ್ಟೆಗೆ ಬರುವುದು ಡಿಸೆಂಬರ್ ಕೊನೆಯಿಂದ ಫೆಬ್ರುವರಿ ತನಕ. ಮಾಲು ಬಂದಾಗ ದರ ಇಳಿಯುತ್ತದೆ, ಮಳೆಗಾಲದಲ್ಲಿ ಮಾಲು ಕಡಿಮೆಯಾದಾಗ ಏರುವುದುಂಟು. ಆಗಸ್ಟ್‌ನಲ್ಲಿ ಬರೆದುಕೊಂಡ ಬೆಲೆಯನ್ನು ಜನವರಿಯ ಬೆಲೆ ಜೊತೆ ಒಂದೇ ಕಾಲಂನಲ್ಲಿ ಇಟ್ಟರೆ ಹೋಲಿಕೆಯೇ ಸುಳ್ಳು. ಪಿಪಿಟಿಯಲ್ಲಿ ತಾರೀಖು ಇಲ್ಲದಿದ್ದರೆ ಆ ಬೆಲೆಯನ್ನು ಬಿಡುವುದೇ ಲೇಸು. ಐದು ಅಂಗಡಿ ಸುತ್ತಿ ಒಂದೇ ದಿನ ಹೊಸದಾಗಿ ಬರೆದುಕೊಳ್ಳಬೇಕು.

ತೆರಿಗೆಯದೂ ಒಂದು ಮಾತು. 2022ರ ಜುಲೈ 18ರಿಂದ ಪಾಕೀಟು ಮಾಡಿ ಲೇಬಲ್ ಹಚ್ಚಿದ ಬ್ಯಾಳಿಗೆ ಶೇ 5 ಜಿಎಸ್‌ಟಿ ಇದೆ, ಖುಲ್ಲಾ ಬ್ಯಾಳಿಗೆ ಇಲ್ಲ. ಕಂಪನಿ ಪಾಕೀಟಿನ ಬೆಲೆಯೊಳಗೆ ಆ ತೆರಿಗೆ ಸೇರಿರುತ್ತದೆ. ಖುಲ್ಲಾ ಮಾಲು ಅಗ್ಗ ಇರಲು ಇದೂ ಒಂದು ಕಾರಣ.

ಕೊರತೆ: ಬೈಗುಳ ಅಲ್ಲ, ಸಾಕ್ಷಿ

‘ಕೊರತೆ’ ಕಾಲಂನಲ್ಲಿ ‘ಗುಣಮಟ್ಟ ಸರಿಯಿಲ್ಲ’, ‘ಸೇವೆ ಚಲೋ ಇಲ್ಲ’ ಎಂದು ಬರೆಯುವುದು ಸುಲಭ. ಅದರಿಂದ ಮಾಡಲಿಕ್ಕೆ ಏನೂ ಸಿಗುವುದಿಲ್ಲ. ಒಂದು ಕೊರತೆ ಪಟ್ಟಿಗೆ ಬರಬೇಕಾದರೆ ಎರಡು ಪ್ರಶ್ನೆ ದಾಟಬೇಕು. ಅದನ್ನು ಕಣ್ಣಾರೆ ನೋಡಬಹುದಾ? ಅದರಿಂದ ಗಿರಾಕಿಗೆ ಏನು ತೊಂದರೆ?

ಬ್ಯಾಳಿ ವಿಷಯದಲ್ಲಿ ಪರೀಕ್ಷೆ ಅಡುಗೆಮನೆಯಲ್ಲೇ ಆಗುತ್ತದೆ. ಎಲ್ಲ ಬ್ರ್ಯಾಂಡ್‌ನಿಂದ 100 ಗ್ರಾಂ ತೂಗಿ, ತಟ್ಟೆಯಲ್ಲಿ ಹರಡಿ, ನುಚ್ಚು, ಸಿಪ್ಪೆ ಬಿಡದ ಕಾಳು, ಹರಳು ಬೇರೆ ಮಾಡಿ ತೂಗಬೇಕು. ಆಮೇಲೆ ಅದೇ ಕುಕ್ಕರ್, ಅಷ್ಟೇ ನೀರು, ಅಷ್ಟೇ ಸೀಟಿ ಇಟ್ಟು ಬೇಯಿಸಿ ನೋಡಬೇಕು. ಪಾಕೀಟು ಯಾವುದು ಎಂದು ಬೇಯಿಸುವವರಿಗೆ ಗೊತ್ತಿರಬಾರದು. ಆಗ ‘ಗುಣಮಟ್ಟ ಕಡಿಮೆ’ ಬದಲು ‘100 ಗ್ರಾಂನಲ್ಲಿ 6 ಗ್ರಾಂ ನುಚ್ಚು’ ಎಂದು ಬರೆಯಬಹುದು. ಅನಿಸಿದ್ದು ಕಂಡಿದ್ದಾಗುತ್ತದೆ.

ಇನ್ನು, ಸ್ವಂತ ಸಾಲಿನಲ್ಲೂ ಕೊರತೆ ಬರೆಯಲೇಬೇಕು. ನಮ್ಮ ಸಾಲಿನಲ್ಲಿ ಬರೀ ಒಳ್ಳೆಯದೇ ಇದ್ದರೆ ಆ ಪಟ್ಟಿಯನ್ನು ನಂಬಬಾರದು. ಸಂಘದ ಪಾಲಿಶ್ ಇಲ್ಲದ ಬ್ಯಾಳಿ ಮಂಕಾಗಿ ಕಾಣುತ್ತದೆ. ‘ಹಳೇ ಮಾಲು ಐತೇನ್ರಿ?’ ಎಂದು ಗಿರಾಕಿ ಕೇಳುತ್ತಾರೆ. ಕಂಪನಿಯವರು ಇದಕ್ಕೆ ಜಾಹೀರಾತು ಹಾಕಿ ಉತ್ತರ ಕೊಡುತ್ತಾರೆ. ಸಂಘದ ಬಳಿ ಅಷ್ಟು ದುಡ್ಡಿಲ್ಲ, ಪಾಕೀಟಿನ ಮೇಲೆ ಎರಡು ಸಾಲು ಬರೆಯಬಹುದು ಅಷ್ಟೇ.

ಇಳಿಸಿದ ಮೇಲೆ ಪಟ್ಟಿ ಹೀಗೆ

ಪ್ರಶ್ನೆ: ಬೆಲೆ ಎಷ್ಟು, ಗಿರಾಕಿ ಯಾರು? (ಎಲ್ಲ ಬೆಲೆ ಒಂದೇ ದಿನ ಬರೆದುಕೊಂಡದ್ದು)

| ಯಾವುದು | ತೂಕ | ಗಿರಾಕಿ ಕೊಡುವ ಬೆಲೆ | ಕಿಲೋಗೆ | ಏನಿದೆ | ಕಂಡ ಕೊರತೆ | ಪಿಪಿಟಿ ಪುಟ |
|---|---|---|---|---|---|---|
| ಕಿರಾಣಿ ಖುಲ್ಲಾ ಬ್ಯಾಳಿ | 1 ಕಿಲೋ | ₹115 | ₹115 | ಬೇಕಾದಷ್ಟೇ ಕೊಳ್ಳಬಹುದು, ಉದ್ರಿ ಸಿಗುತ್ತದೆ | ಎಲ್ಲಿಯ ಮಾಲು ಗೊತ್ತಿಲ್ಲ. ವಾರಕ್ಕೊಂದು ರೀತಿ ಬೇಯುತ್ತದೆ | 6, ಅಂಗಡಿ |
| ದಾಲ್ ಮಿಲ್ ಚೀಲ | 5 ಕಿಲೋ | ₹650 | ₹130 | ಕಾಳು ಒಂದೇ ಸಮ, ಪಾಲಿಶ್ ಇದೆ | ಸಣ್ಣ ಪಾಕೀಟು ಇಲ್ಲ. ಮಳೆಗಾಲದಲ್ಲಿ ಚೀಲ ಖಾಲಿಯಾಗುವ ಮುಂಚೆ ಹುಳ | 12, ಅಂಗಡಿ |
| ದೊಡ್ಡ ಕಂಪನಿ | 500 ಗ್ರಾಂ | ₹80 (ಎಂಆರ್‌ಪಿ 92) | ₹160 | ‘ಪಾಲಿಶ್ ಇಲ್ಲ’ ಎಂದು ಪಾಕೀಟಿನ ಮೇಲಿದೆ | ಯಾವ ಜಿಲ್ಲೆಯ ತೊಗರಿ ಎಂದು ಬರೆದಿಲ್ಲ | 9, ಅಂಗಡಿ |
| ಆನ್‌ಲೈನ್ ಸಾವಯವ | 900 ಗ್ರಾಂ | ₹225 + ಕಳಿಸೋ ಖರ್ಚು ₹45 | ₹300 | ಊರಿನ ಹೆಸರು, ರೈತರ ಕಥೆ ಇದೆ | ನಾಲ್ಕೈದು ದಿನ ಕಾಯಬೇಕು | 17 |
| ನಮ್ಮ ಸಂಘ | 1 ಕಿಲೋ | ? | ? | ಪಾಲಿಶ್ ಇಲ್ಲ, ಊರಿನ ಮಾಲು | ಮಂಕು ಬಣ್ಣ. ಜಿಐ ನೋಂದಣಿ ಇನ್ನೂ ಇಲ್ಲ | – |

ಕೊನೆಯ ಕಾಲಂ ಬಹಳ ಮುಖ್ಯ. ಯಾರಿಗಾದರೂ ಅನುಮಾನ ಬಂದರೆ ಮೂಲ ಪುಟಕ್ಕೆ ಹೋಗಿ ನೋಡಬಹುದು. ಪುಟ ಸಂಖ್ಯೆ ಇಲ್ಲದ ಪಟ್ಟಿಯಲ್ಲಿ ಯಾವುದು ಪಿಪಿಟಿಯದು, ಯಾವುದು ಬರೆದವರ ಊಹೆ ಎಂದು ಆರು ತಿಂಗಳಾದ ಮೇಲೆ ಬರೆದವರಿಗೇ ನೆನಪಿರುವುದಿಲ್ಲ.

ಪಿಪಿಟಿ ಹೇಳದ ಸಾಲು: ನಮ್ಮ ಅಸಲು

ಈಗ ಪ್ರಶ್ನಾರ್ಥಕ ಇರುವ ಮನೆ ತುಂಬಬೇಕು. ಎದುರಾಳಿಗಳ ಬೆಲೆ ನೋಡಿ ನಡುವಿನದೊಂದು ಆರಿಸಿದರೆ ಆಗುವುದಿಲ್ಲ. ಕೆಳಗೆ ಅಸಲು ಎಷ್ಟು ಎಂಬ ಗೆರೆ ಬೇಕು.

ಒಂದು ಕ್ವಿಂಟಲ್ ತೊಗರಿ 7,500 ರೂಪಾಯಿಗೆ ತಂದರು ಅಂದುಕೊಳ್ಳಿ. (2025–26ರ ಹಂಗಾಮಿಗೆ ಕೇಂದ್ರದ ಬೆಂಬಲ ಬೆಲೆ 8,000 ರೂಪಾಯಿ, ಮಾರುಕಟ್ಟೆ ದರ ಅದಕ್ಕಿಂತ ಮೇಲೆ ಕೆಳಗೆ ಇರುತ್ತದೆ.) 100 ಕಿಲೋ ತೊಗರಿ ಒಡೆಸಿದರೆ 100 ಕಿಲೋ ಬ್ಯಾಳಿ ಬರುವುದಿಲ್ಲ. ಗಿರಣಿ ಚಲೋ ಇದ್ದರೆ 70 ಕಿಲೋ ಆಸುಪಾಸು, ಉಳಿದದ್ದು ಹೊಟ್ಟು, ನುಚ್ಚು, ಹುಡಿ. ಒಡೆಸುವ ಕೂಲಿ 600 ಕೊಟ್ಟು, ಹೊಟ್ಟು ನುಚ್ಚು ದನದ ಮೇವಿಗೆ ಮಾರಿ 500 ಬಂದರೆ, ನಿವ್ವಳ ಖರ್ಚು 7,600. ಅದನ್ನು 70ಕ್ಕೆ ಭಾಗಿಸಿದರೆ ಕಿಲೋ ಬ್ಯಾಳಿಗೆ 108 ರೂಪಾಯಿ 57 ಪೈಸೆ. ಪಾಕೀಟಿಗೆ 6, ಸಾಗಣೆಗೆ 3 ಸೇರಿಸಿದರೆ ಸುಮಾರು 117 ರೂಪಾಯಿ 60 ಪೈಸೆ. ಇದರಲ್ಲಿ ಮಹಿಳೆಯರ ಕೂಲಿ ಒಂದು ಪೈಸೆಯೂ ಇಲ್ಲ.

ಪಿಪಿಟಿ ಹೇಳಿದ 125ಕ್ಕೆ ಮಾರಿದರೆ? ಅಂಗಡಿಯವರು ಶೇ 10 ಹಿಡಿದುಕೊಂಡರೆ ಸಂಘದ ಕೈಗೆ 112 ರೂಪಾಯಿ 50 ಪೈಸೆ. ಕಿಲೋಗೆ ಐದು ರೂಪಾಯಿಗಿಂತ ಹೆಚ್ಚು ಲುಕ್ಸಾನು. 5,000 ಪಾಕೀಟು ಎಲ್ಲ ಖರ್ಚಾಗಿಹೋದರೆ 25 ಸಾವಿರದ ಮೇಲೆ ಕೈಬಿಡುತ್ತದೆ. ಮಾಲು ಜೋರಾಗಿ ಹೋಗುತ್ತಿದೆ ಎಂದು ಎಲ್ಲರೂ ಖುಷಿಪಡುತ್ತಿರುವಾಗಲೇ ನಷ್ಟ ಬೆಳೆಯುತ್ತಿರುತ್ತದೆ. ಬೆಲೆ ಪಾಕೀಟಿನ ಮೇಲೆ ಅಚ್ಚಾಗಿದ್ದರೆ ಅದಕ್ಕಿಂತ ಹೆಚ್ಚಿಗೆ ಮಾರುವಂತೆಯೂ ಇಲ್ಲ.

140 ಇಟ್ಟರೆ ಕೈಗೆ 126 ಬರುತ್ತದೆ. ಕಿಲೋಗೆ 8 ರೂಪಾಯಿ 40 ಪೈಸೆ ಉಳಿಯುತ್ತದೆ, 5,000 ಪಾಕೀಟಿಗೆ 42 ಸಾವಿರ. ಕೂಲಿ ಇದರಲ್ಲೇ ಬರಬೇಕು. ಅಂಗಡಿ ಬಿಟ್ಟು ನೇರ ಮನೆಗೆ ಮಾರಿದರೆ ಆ 14 ರೂಪಾಯಿಯೂ ಸಂಘಕ್ಕೇ. ವರ್ಷದ ವಹಿವಾಟು 40 ಲಕ್ಷ ದಾಟದ, ರಾಜ್ಯದೊಳಗೇ ಮಾರುವ ಸಣ್ಣ ಸಂಘಕ್ಕೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯ ಅಲ್ಲದ ಕಾರಣ ಆ ಲೆಕ್ಕ ಇಲ್ಲಿ ಸೇರಿಸಿಲ್ಲ.

ಪಟ್ಟಿ ಏನು ಹೇಳಿತು?

ಖುಲ್ಲಾ ಬ್ಯಾಳಿ 115ಕ್ಕೆ ಸಿಗುವಲ್ಲಿ 117ರ ಅಸಲು ಇರುವ ಸಂಘ ಬೆಲೆಯಲ್ಲಿ ಪೈಪೋಟಿ ಮಾಡಲಾಗದು. ಆ ಅಂಗಡಿಯವರು ದೊಡ್ಡ ಪ್ರಮಾಣದಲ್ಲಿ ಕೊಳ್ಳುತ್ತಾರೆ. ಮ್ಯಾನ್ಮಾರ್, ಮೊಜಾಂಬಿಕ್, ತಾಂಜಾನಿಯಾದಿಂದ ಬಂದ ತೊಗರಿಯೂ ಮಾರುಕಟ್ಟೆಯಲ್ಲಿರುತ್ತದೆ. ಉದ್ರಿ ಬೇಕಾದ ಗಿರಾಕಿ ಅಲ್ಲಿಗೇ ಹೋಗುತ್ತಾರೆ. ಕಂಪನಿಯ ಗಿರಾಕಿಯನ್ನು 20 ರೂಪಾಯಿ ಕಡಿಮೆ ಬೆಲೆಯಿಂದ ಎಳೆಯಬಹುದು.

ಆದರೆ ಸಂಘದ ನಿಜವಾದ ಎದುರಾಳಿ ಪಿಪಿಟಿ ದೊಡ್ಡದಾಗಿ ತೋರಿಸಿದ ಕಂಪನಿ ಅಲ್ಲ, 12ನೇ ಪುಟದ ಮೂಲೆಯಲ್ಲಿದ್ದ ದಾಲ್ ಮಿಲ್ ಚೀಲ. ಬೆಲೆಯಲ್ಲಿ ಬರೀ 10 ರೂಪಾಯಿ ಅಂತರ. ಅದರ ಕೊರತೆ ಎಂದರೆ 5 ಕಿಲೋ ಚೀಲ ಮಾತ್ರ ಇರುವುದು, ಮಳೆಗಾಲದಲ್ಲಿ ಹುಳ ಬೀಳುವುದು. 1 ಕಿಲೋ ಪಾಕೀಟು ಆ ಎರಡಕ್ಕೂ ಉತ್ತರ. ಸೇಡಂ, ವಾಡಿಯ ಸಿಮೆಂಟ್ ಕಾರ್ಖಾನೆ ಕಾಲೊನಿಗಳ, ನೌಕರರ ಮನೆಗಳ ಬಾಗಿಲಿಗೆ ನೇರ ಹೋಗುವುದು ಮೊದಲ ದಾರಿ. ಇಷ್ಟನ್ನು ಪಟ್ಟಿಯ ಕೆಳಗೆ ಎರಡು ಸಾಲಿನಲ್ಲಿ ಬರೆದರೆ ಹಾಳೆ ಮುಗಿಯಿತು.

ಪಟ್ಟಿಗೂ ಮಿತಿ ಇದೆ. ಗಿರಾಕಿ ರುಚಿಗೆ ಹೊಂದಿಕೊಂಡು ಮತ್ತೆ ಬರುತ್ತಾರಾ ಎಂದು ಅದು ಹೇಳದು. ಅದಕ್ಕೆ 5,000 ಪಾಕೀಟು ಅಚ್ಚು ಹಾಕಿಸುವ ಬದಲು ಸಾದಾ ಪಾಕೀಟಿಗೆ ಲೇಬಲ್ ಅಂಟಿಸಿ 200 ಕಿಲೋ ಮಾರಿ ನೋಡಬೇಕು. ಲೇಬಲ್‌ನಲ್ಲಿ ತೂಕ, ಎಂಆರ್‌ಪಿ, ಪ್ಯಾಕ್ ಮಾಡಿದ ತಿಂಗಳು, ವಿಳಾಸ, 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇರಲೇಬೇಕು. ತೊಗರಿ ದರ ಕ್ವಿಂಟಲ್‌ಗೆ 500 ರೂಪಾಯಿ ಏರಿದರೆ ಬ್ಯಾಳಿಯ ಅಸಲು ಕಿಲೋಗೆ 7 ರೂಪಾಯಿ ಏರುತ್ತದೆ, 8 ರೂಪಾಯಿ 40 ಪೈಸೆ ಉಳಿತಾಯ ಹೆಚ್ಚುಕಡಿಮೆ ಕರಗುತ್ತದೆ. ಆ ದಿನ ಹಳೆ ಪಟ್ಟಿ ಹರಿದು, ಅಂಗಡಿ ಸುತ್ತಿ, ಹೊಸ ತಾರೀಖು ಹಾಕಿ ಮತ್ತೆ ಬರೆಯಬೇಕು.